ಊರು ಬದಲಾದಾಗ ಗಾಡಿಯ ನಂಬರೂ ಬದಲಾಗಬೇಕು

2025ರ ಜುಲೈ ಮೊದಲ ವಾರ ಬೆಂಗಳೂರಿನ ಒಂದು ತೆರಿಗೆ ರಸೀದಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದ ಒಂದು ಫೆರಾರಿ ಕಾರು ತಿಂಗಳುಗಟ್ಟಲೆ ಬೆಂಗಳೂರಿನ ರಸ್ತೆಗಳಲ್ಲಿ ಓಡಾಡುತ್ತಿತ್ತು. ಅದಕ್ಕೆ ಕರ್ನಾಟಕದ ತೆರಿಗೆ ಕಟ್ಟಿಲ್ಲವೆಂದು ಜಯನಗರದ ಆರ್‌ಟಿಒ ಅಧಿಕಾರಿಗಳು ಪತ್ತೆ ಹಚ್ಚಿದರು. ಸಂಜೆಯೊಳಗೆ ಕಟ್ಟದಿದ್ದರೆ ಕಾರನ್ನು ಜಪ್ತಿ ಮಾಡುವುದಾಗಿ ನೋಟಿಸ್ ಕೊಟ್ಟರು. ಮಾಲೀಕರು ದಂಡವೂ ಸೇರಿ ಸುಮಾರು 1.42 ಕೋಟಿ ರೂಪಾಯಿಯನ್ನು ಒಂದೇ ಕಂತಿನಲ್ಲಿ ಪಾವತಿಸಿದರು. ಅದೇ ವರ್ಷದ ಫೆಬ್ರುವರಿಯಲ್ಲಿ ಇಲಾಖೆ ನಗರದಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಹೊರರಾಜ್ಯಗಳ ನಂಬರಿನ 30 ಐಷಾರಾಮಿ ಕಾರುಗಳನ್ನು ಹಿಡಿದಿತ್ತು.

ಕೋಟಿ ಬೆಲೆಯ ಕಾರುಗಳ ಕಥೆ ಸುದ್ದಿಯಾಗುತ್ತದೆ. ಆದರೆ ಈ ನಿಯಮದ ಬಿಸಿ ಹೆಚ್ಚಾಗಿ ತಟ್ಟುವುದು ಕೆಲಸಕ್ಕಾಗಿ ಊರು ಬಿಟ್ಟು ಬರುವ ಸಾಮಾನ್ಯರಿಗೆ. ಕೊಲ್ಹಾಪುರ, ಹೈದರಾಬಾದ್, ಕೊಚ್ಚಿ, ಚೆನ್ನೈಗಳಿಂದ ಮನೆ ಸಾಮಾನಿನ ಜೊತೆ ಕಾರನ್ನೋ ಬೈಕನ್ನೋ ತಂದವರು ಅವರು. ಬರುವ ದಿನ ಯಾರೂ ಅವರನ್ನು ತಡೆಯುವುದಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ತಪಾಸಣೆಯಲ್ಲಿ ಸಿಕ್ಕಿಬಿದ್ದಾಗಲೋ, ಗಾಡಿ ಮಾರಲು ಹೊರಟಾಗಲೋ ಹಳೆಯ ಊರಿನ ಕಾಗದ ಇಲ್ಲಿಗೆ ಸಾಲದು ಎಂಬುದು ಗೊತ್ತಾಗುತ್ತದೆ. ಅಷ್ಟರಲ್ಲಿ ಆ ಕಾಗದ ತರಬೇಕಾದ ಕಚೇರಿ ನೂರಾರು ಕಿಲೋಮೀಟರ್ ದೂರ ಉಳಿದಿರುತ್ತದೆ.

ಗೊಂದಲದ ಬೇರು ಸಂವಿಧಾನದಲ್ಲೇ ಇದೆ. ವಾಹನದ ನೋಂದಣಿ ನಡೆಯುವುದು 1988ರ ಮೋಟಾರು ವಾಹನ ಕಾಯ್ದೆಯಡಿ, ಅದು ಕೇಂದ್ರದ ಕಾನೂನು. ವಾಹನದ ಮೇಲಿನ ತೆರಿಗೆ ಮಾತ್ರ ರಾಜ್ಯಪಟ್ಟಿಗೆ ಸೇರಿದ ವಿಷಯ. ಕರ್ನಾಟಕದಲ್ಲಿ ಆ ತೆರಿಗೆ ವಸೂಲಾಗುವುದು 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ. ಕೇಂದ್ರ ಕಾಯ್ದೆಯ 46ನೇ ಕಲಮಿನಂತೆ ಒಂದು ರಾಜ್ಯದಲ್ಲಿ ಮಾಡಿಸಿದ ನೋಂದಣಿ ಇಡೀ ಭಾರತಕ್ಕೆ ಸಲ್ಲುತ್ತದೆ. ಹಾಗಾಗಿ ಕೊಲ್ಹಾಪುರದ ಕಾರು ಬೆಂಗಳೂರಿಗೆ ಬಂದ ಮಾತ್ರಕ್ಕೆ ತಪ್ಪೇನಿಲ್ಲ. ಆದರೆ 47ನೇ ಕಲಮು ಗಡುವು ಹಾಕುತ್ತದೆ: ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ, ಮಾಲೀಕರು ಆ ಹೊಸ ರಾಜ್ಯದ ಆರ್‌ಟಿಒಗೆ ಅರ್ಜಿ ಹಾಕಿ ಹೊಸ ನಂಬರು ಪಡೆಯಬೇಕು.

ಈ 12 ತಿಂಗಳ ವಿಚಾರದಲ್ಲಿ ಕರ್ನಾಟಕದಲ್ಲಿ ಒಂದು ದೊಡ್ಡ ಕಾನೂನು ಜಗಳವೇ ನಡೆದಿದೆ. 2014ರಲ್ಲಿ ರಾಜ್ಯ ಸರ್ಕಾರ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನ ಇಲ್ಲಿ 30 ದಿನಕ್ಕಿಂತ ಹೆಚ್ಚು ಕಾಲ ಉಳಿದರೆ ಜೀವಾವಧಿ ತೆರಿಗೆ ಕಟ್ಟಬೇಕೆಂದು ವಿಧಿಸಿತು. ಮೂರು ತಿಂಗಳ ತರಬೇತಿಗೆ ಬಂದವರೂ ಲಕ್ಷದ ಲೆಕ್ಕದಲ್ಲಿ ತೆರಿಗೆ ಕೊಡಬೇಕಾದ ಪರಿಸ್ಥಿತಿ ಬಂತು. ಬೆಂಗಳೂರಿನ ಕೆಲವು ವಾಹನ ಮಾಲೀಕರು ಹೈಕೋರ್ಟ್ ಮೆಟ್ಟಿಲೇರಿದರು. 2016ರ ಮಾರ್ಚ್‌ನಲ್ಲಿ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಕೇಂದ್ರ ಕಾಯ್ದೆ ಒಂದು ವರ್ಷದ ಅವಕಾಶ ಕೊಟ್ಟಿರುವಾಗ ರಾಜ್ಯ ಅದನ್ನು ಒಂದು ತಿಂಗಳಿಗೆ ಇಳಿಸುವುದು ಸಲ್ಲದು ಎಂಬುದು ಆ ತೀರ್ಪಿನ ತಿರುಳು.

ಅಂದರೆ ಒಂದು ವರ್ಷದ ಅವಕಾಶವುಂಟು. ಆದರೆ ಆ ವರ್ಷ ಯಾವ ದಿನ ಶುರುವಾಯಿತೆಂದು ರಸ್ತೆಯಲ್ಲಿ ತಡೆದ ಅಧಿಕಾರಿಗೆ ತೋರಿಸಬೇಕಾದವರು ಮಾಲೀಕರೇ. ಗಾಡಿ ಬಂದದ್ದು ಯಾವಾಗ ಎಂಬುದಕ್ಕೆ ಈಗ ಫಾಸ್ಟ್ಯಾಗ್ ಖಾತೆಯ ವಿವರ ಒಳ್ಳೆಯ ಸಾಕ್ಷಿ. ಯಾವ ಟೋಲನ್ನು ಯಾವ ದಿನ ದಾಟಿತು ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರುತ್ತದೆ. ರೈಲಿನಲ್ಲೋ ಲಾರಿಯಲ್ಲೋ ಬೈಕು ಕಳಿಸಿದವರು ಆ ರಸೀದಿಯನ್ನು ಎತ್ತಿಟ್ಟುಕೊಳ್ಳಬೇಕು. ವರ್ಗಾವಣೆ ಆದೇಶ, ಬಾಡಿಗೆ ಕರಾರು, ಹಳೆಯ ಊರಿನಲ್ಲಿ ಕೊನೆಯ ಬಾರಿ ಸರ್ವೀಸ್ ಮಾಡಿಸಿದ ಬಿಲ್ಲು, ಇವೂ ನೆರವಿಗೆ ಬರುತ್ತವೆ.

ಇನ್ನು ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಶಾಲೆ ಬದಲಿಸುವ ಮಗುವಿಗೆ ಟಿ.ಸಿ. ಇದ್ದ ಹಾಗೆ ವಾಹನಕ್ಕೆ ಇದು. ಈ ವಾಹನದ ಮೇಲೆ ನಮಗೆ ಬರಬೇಕಾದ ತೆರಿಗೆ ಬಾಕಿಯಿಲ್ಲ, ಕಳವಿನ ದೂರಿಲ್ಲ, ಇದು ಬೇರೆ ರಾಜ್ಯದಲ್ಲಿ ನೋಂದಣಿಯಾಗುವುದಕ್ಕೆ ನಮ್ಮ ಅಡ್ಡಿಯಿಲ್ಲ ಎಂದು ಹಳೆಯ ಆರ್‌ಟಿಒ ಹೊಸ ಆರ್‌ಟಿಒಗೆ ಬರೆದುಕೊಡುವ ಪತ್ರ. ಹೊರರಾಜ್ಯದಲ್ಲಿ ಓಡಿಸಲು ಇದು ಪರವಾನಗಿ ಎಂದು ಹಲವರು ಭಾವಿಸುತ್ತಾರೆ, ಅದು ತಪ್ಪು. ಓಡಿಸಲು ಆರ್‌ಸಿ, ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರ ಸಾಕು. ಎನ್‌ಒಸಿ ಕೈಯಲ್ಲಿದೆ ಎಂದ ಮಾತ್ರಕ್ಕೆ ಹೊಸ ರಾಜ್ಯದ ತೆರಿಗೆ ಕಟ್ಟಿದಂತೆಯೂ ಆಗುವುದಿಲ್ಲ. ಅದು ಅರ್ಧ ದಾರಿ ಮಾತ್ರ.

ರಾಜ್ಯದೊಳಗೇ ಊರು ಬದಲಿಸುವವರಿಗೆ ಈ ಯಾವ ತಾಪತ್ರಯವೂ ಇಲ್ಲ. ಶಿವಮೊಗ್ಗದಿಂದ ಮೈಸೂರಿಗೆ ಹೋದವರು 30 ದಿನದೊಳಗೆ ಆರ್‌ಸಿಯಲ್ಲಿ ವಿಳಾಸ ಬದಲಿಸಿಕೊಂಡರೆ ಮುಗಿಯಿತು. ಹಳೆಯ ನಂಬರೇ ಇರುತ್ತದೆ, ತೆರಿಗೆಯನ್ನೂ ಮತ್ತೆ ಕೇಳುವುದಿಲ್ಲ.

ಇಡೀ ಕ್ರಮ ಅರ್ಥವಾಗಲು ಒಂದು ಮಾದರಿ ಪ್ರಕರಣವನ್ನು ಹಂತ ಹಂತವಾಗಿ ನೋಡುವುದು ಒಳ್ಳೆಯದು. ಬೆಳಗಾವಿ ಕಡೆಯ ಒಬ್ಬ ಉಪನ್ಯಾಸಕರು ಕೊಲ್ಹಾಪುರದಲ್ಲಿ ಕೆಲಸದಲ್ಲಿದ್ದಾಗ 2020ರ ಮೇ ತಿಂಗಳಲ್ಲಿ ಪೆಟ್ರೋಲ್ ಕಾರೊಂದನ್ನು ಕೊಂಡರು ಎಂದಿಟ್ಟುಕೊಳ್ಳೋಣ. ಇನ್‌ವಾಯ್ಸ್ ಬೆಲೆ 8 ಲಕ್ಷ ರೂಪಾಯಿ. ನಂಬರು ಎಂಎಚ್ 09ರಿಂದ ಶುರುವಾಗುತ್ತದೆ. ಮಹಾರಾಷ್ಟ್ರದಲ್ಲಿ ಆ ವರ್ಗದ ಪೆಟ್ರೋಲ್ ಕಾರಿಗೆ ಶೇ 11ರ ದರದಂತೆ 88 ಸಾವಿರ ರೂಪಾಯಿ ಒಂದೇ ಬಾರಿ ತೆರಿಗೆ ಕಟ್ಟಿದ್ದಾರೆ. 2024ರ ಜೂನ್‌ನಲ್ಲಿ ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ, ಕಾರಿನ ಸಮೇತ ಇಂದಿರಾನಗರದ ಕಡೆ ಬಂದು ನೆಲೆಸಿದ್ದಾರೆ.

ಅವರ ಮೊದಲ ಕೆಲಸ ಕೊಲ್ಹಾಪುರ ಬಿಡುವ ಮುಂಚೆಯೇ ಶುರುವಾಗಬೇಕು, ಮತ್ತು ಅದು ಆರ್‌ಟಿಒದಲ್ಲಲ್ಲ, ಬ್ಯಾಂಕಿನಲ್ಲಿ. ಕಾರಿನ ಮೇಲೆ ಸಾಲವಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ದಾಖಲಾಗಿರುತ್ತದೆ. ಸಾಲ ಇನ್ನೂ ನಡೆಯುತ್ತಿದ್ದರೆ, ವಾಹನವನ್ನು ಕರ್ನಾಟಕಕ್ಕೆ ವರ್ಗಾಯಿಸಲು ತನ್ನ ಒಪ್ಪಿಗೆಯಿದೆ ಎಂಬ ಪತ್ರವನ್ನು ಬ್ಯಾಂಕು ಕೊಡಬೇಕು. ಸಾಲ ತೀರಿದ್ದರೆ ಬೇಕಾಗುವ ಕಾಗದ ಬೇರೆ: ಬ್ಯಾಂಕು ಸಹಿ ಹಾಕಿದ ಫಾರ್ಮ್ 35 ಮತ್ತು ಸಾಲ ತೀರಿದ ಪತ್ರ. ಅವನ್ನು ಆರ್‌ಟಿಒಗೆ ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಬಹಳಷ್ಟು ಜನ ಎಡವುವುದು ಇಲ್ಲೇ. ಕೊನೆಯ ಕಂತು ಕಟ್ಟಿ, ಬ್ಯಾಂಕಿನಿಂದ ಪತ್ರ ಪಡೆದು ಬೀರುವಿನಲ್ಲಿಟ್ಟಿರುತ್ತಾರೆ, ಆರ್‌ಸಿಯಿಂದ ಹೆಸರು ತೆಗೆಸಿರುವುದಿಲ್ಲ. ಸರ್ಕಾರದ ದಾಖಲೆಯಲ್ಲಿ ಆ ಕಾರು ಇನ್ನೂ ಅಡಮಾನದಲ್ಲೇ ಇರುತ್ತದೆ. ಬ್ಯಾಂಕಿನ ಪತ್ರ ಹಳೆಯದಾಗಿದ್ದರೆ ಹೊಸದನ್ನು ತರಿಸಬೇಕಾಗಿ ಬರುವುದೂ ಉಂಟು. ಬ್ಯಾಂಕು ಬೇರೊಂದರಲ್ಲಿ ವಿಲೀನವಾಗಿದ್ದರಂತೂ ಆ ಓಡಾಟಕ್ಕೇ ವಾರಗಳು ಹಿಡಿಯುತ್ತವೆ.

ಎರಡನೆಯದು ಚಲನ್. ಸಿಗ್ನಲ್ ದಾಟಿದ್ದಕ್ಕೆ, ವೇಗ ಮೀರಿದ್ದಕ್ಕೆ ಕ್ಯಾಮೆರಾ ಹಾಕಿದ ದಂಡಗಳು ಬಾಕಿಯಿದ್ದರೆ ಎನ್‌ಒಸಿ ಅರ್ಜಿ ಮುಂದೆ ಸರಿಯುವುದಿಲ್ಲ. ಅವು ಬೇರೆ ರಾಜ್ಯದಲ್ಲಿ ಬಿದ್ದವಾಗಿದ್ದರೂ ವಾಹನದ ನಂಬರು ಹಾಕಿದರೆ echallan.parivahan.gov.in ತಾಣದಲ್ಲಿ ಕಾಣುತ್ತವೆ. ನ್ಯಾಯಾಲಯಕ್ಕೆ ಹೋಗಿರುವ ಚಲನ್ ಇದ್ದರೆ ಅದನ್ನು ಅಲ್ಲಿಯೇ ಇತ್ಯರ್ಥ ಮಾಡಿಕೊಳ್ಳಬೇಕಾಗುವುದರಿಂದ, ಊರು ಬಿಡುವ ಮುಂಚೆ ನೋಡಿಕೊಳ್ಳುವುದು ಜಾಣತನ.

ಆಮೇಲೆ ಅರ್ಜಿ. parivahan.gov.in ತಾಣದಲ್ಲಿ ವಾಹನದ ನಂಬರು ಮತ್ತು ಚಾಸಿ ಸಂಖ್ಯೆಯ ಕೊನೆಯ ಐದು ಅಂಕಿ ಹಾಕಿದರೆ, ದಾಖಲೆಯಲ್ಲಿರುವ ಮೊಬೈಲಿಗೆ ಒಟಿಪಿ ಬರುತ್ತದೆ. ಆ ಮೊಬೈಲ್ ನಂಬರು ಹಳೆಯದಾಗಿದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಬೇಕು. ಎನ್‌ಒಸಿಯ ಅರ್ಜಿ ನಮೂನೆ ಫಾರ್ಮ್ 28. ಮುದ್ರಿಸಿದ ಪ್ರತಿಗಳ ಮೇಲೆ ಚಾಸಿ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ಇರಬೇಕು. ಕಾರಿನ ಮೈಮೇಲೆ ಕೊರೆದ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದಾಗ ಮೂಡುವ ಅಚ್ಚು ಅದು. ಕಂಪ್ಯೂಟರ್ ಯುಗದಲ್ಲಿ ಇದೇನು ಎನಿಸಬಹುದು. ಆದರೆ ಕಾಗದದ ಮೇಲಿನ ಕಾರೂ ಎದುರಿಗಿರುವ ಕಾರೂ ಒಂದೇ ಎಂದು ತೋರಿಸಲು ಇಷ್ಟು ಸರಳವಾದ, ಇಷ್ಟು ನಂಬಿಗಸ್ತ ಉಪಾಯ ಮತ್ತೊಂದಿಲ್ಲ. ಇದರ ಜೊತೆಗೆ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ಪ್ರಮಾಣಪತ್ರ, ತೆರಿಗೆ ಕಟ್ಟಿದ ದಾಖಲೆ.

ಅರ್ಜಿಯಲ್ಲಿ ಒಂದು ಸಣ್ಣ ಅಂಕಣ ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ: ವಾಹನ ಹೋಗುವ ರಾಜ್ಯ ಯಾವುದು, ಅಲ್ಲಿನ ಆರ್‌ಟಿಒ ಯಾವುದು? ಬೆಂಗಳೂರು ಎಂದು ಬರೆದರೆ ಸಾಲದು. ನಗರದಲ್ಲಿ ಹತ್ತಕ್ಕೂ ಹೆಚ್ಚು ಆರ್‌ಟಿಒ ಕಚೇರಿಗಳಿವೆ. ಕೋರಮಂಗಲ ಕೆಎ 01, ಇಂದಿರಾನಗರ ಕೆಎ 03, ಜಯನಗರ ಕೆಎ 05, ಎಲೆಕ್ಟ್ರಾನಿಕ್ ಸಿಟಿ ಕೆಎ 51, ಹೀಗೆ ಒಂದೊಂದಕ್ಕೂ ಅದರದೇ ವ್ಯಾಪ್ತಿ. ಎನ್‌ಒಸಿ ಯಾವ ಕಚೇರಿಯ ಹೆಸರಿಗೆ ಬರೆದಿದೆಯೋ ಆ ಕಚೇರಿಗೇ ಸಲ್ಲುತ್ತದೆ. ಬೆಂಗಳೂರಿನಲ್ಲಿ ಮನೆ ಇನ್ನೂ ಗೊತ್ತಾಗದಿದ್ದಾಗ ಅಂದಾಜಿನ ಮೇಲೆ ಒಂದು ಕಚೇರಿಯ ಹೆಸರು ಬರೆಸಿ, ಕೊನೆಗೆ ನಗರದ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆ ಹಿಡಿದವರು ಮತ್ತೆ ಹಳೆಯ ಊರಿಗೆ ಅಲೆದದ್ದುಂಟು. ಹಾಗಾಗಿ ಬಾಡಿಗೆ ಕರಾರು ಕೈಗೆ ಬಂದ ಮೇಲೆ, ಆ ಬಡಾವಣೆ ಯಾವ ಆರ್‌ಟಿಒ ವ್ಯಾಪ್ತಿಗೆ ಬರುತ್ತದೆಂದು ವಿಚಾರಿಸಿ ಅರ್ಜಿ ಹಾಕುವುದೇ ಸರಿ. ಬ್ಯಾಂಕು, ಚಲನ್‌ಗಳ ಕೆಲಸ ಮೊದಲೇ ಮುಗಿಸಿಟ್ಟು, ಅರ್ಜಿಯನ್ನು ಮಾತ್ರ ವಿಳಾಸ ಗೊತ್ತಾದ ಮೇಲೆ ಹಾಕಬಹುದು. ಒಂದು ವರ್ಷದ ಅವಕಾಶ ಇರುವುದು ಇಂಥದಕ್ಕೇ.

ಕಳವಿನ ವಿಚಾರಕ್ಕೆ ಪೊಲೀಸ್ ದಾಖಲೆಯನ್ನೂ ನೋಡುತ್ತಾರೆ. ಎನ್‌ಒಸಿ ಕೊಡುವ ಮುಂಚೆ ಆ ವಾಹನದ ಕಳವಿನ ಪ್ರಕರಣ ಬಾಕಿಯಿಲ್ಲವೆಂಬ ವರದಿ ಬೇಕೆಂದು ಕಾಯ್ದೆಯ 48ನೇ ಕಲಮೇ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ನಡೆಸುವ ವಾಹನ್ ಸಮನ್ವಯ್ ಎಂಬ ವ್ಯವಸ್ಥೆಯಲ್ಲಿ ದೇಶದ ಠಾಣೆಗಳಲ್ಲಿ ದಾಖಲಾದ ಕಳವು ವಾಹನಗಳ ವಿವರವಿರುತ್ತದೆ. ಚಾಸಿ ಮತ್ತು ಎಂಜಿನ್ ಸಂಖ್ಯೆ ಹಾಕಿ ಆನ್‌ಲೈನ್‌ನಲ್ಲೇ ಆ ವರದಿ ಪಡೆಯಬಹುದು.

ಅದೇ 48ನೇ ಕಲಮಿನಲ್ಲಿ ಸಾಮಾನ್ಯರಿಗೆ ಅನುಕೂಲವಾದ ಮಾತೊಂದಿದೆ. ಅರ್ಜಿ ಬಂದ 30 ದಿನದೊಳಗೆ ಆರ್‌ಟಿಒ ಎನ್‌ಒಸಿ ಕೊಡಬೇಕು, ಇಲ್ಲವೇ ಕೊಡದಿರುವುದಕ್ಕೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಎರಡೂ ಆಗದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು ಕಾನೂನು ಭಾವಿಸುತ್ತದೆ. ಅರ್ಜಿ ಸಲ್ಲಿಸಿದ ಸ್ವೀಕೃತಿಯನ್ನೂ, ನಿರಾಕರಣೆ ಬಂದಿಲ್ಲವೆಂಬ ಘೋಷಣೆಯನ್ನೂ ಕೊಟ್ಟು ಹೊಸ ರಾಜ್ಯದಲ್ಲಿ ಅರ್ಜಿ ಹಾಕಬಹುದು. ಕಾನೂನು ಹೀಗಿದ್ದರೂ ಇಂದು ಆರ್‌ಟಿಒಗಳ ಕೆಲಸ ನಡೆಯುವುದು ವಾಹನ್ ತಂತ್ರಾಂಶದಲ್ಲಿ. ಹಳೆಯ ಕಚೇರಿಯ ಅನುಮೋದನೆ ಪರದೆಯ ಮೇಲೆ ಕಾಣದಿದ್ದರೆ ಹೊಸ ಕಚೇರಿಯ ಗುಮಾಸ್ತರು ಫೈಲು ಮುಟ್ಟಲು ಹಿಂಜರಿಯುತ್ತಾರೆ. ಆದ್ದರಿಂದ ಈ ಕಲಮನ್ನು ಹೊಸ ಕಚೇರಿಯಲ್ಲಿ ವಾದಕ್ಕೆ ಬಳಸುವುದಕ್ಕಿಂತ, 30 ದಿನ ಮೀರಿದಾಗ ಹಳೆಯ ಕಚೇರಿಗೆ ಬರೆಯುವ ನೆನಪೋಲೆಯಲ್ಲಿ ಉಲ್ಲೇಖಿಸುವುದು ಹೆಚ್ಚು ಫಲ ಕೊಡುತ್ತದೆ. ಅರ್ಜಿಯ ಸಂಖ್ಯೆ ಮತ್ತು ದಿನಾಂಕವಿರುವ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ ಮಾತ್ರ ಆ ಮಾತಿಗೆ ಬಲ.

ಎನ್‌ಒಸಿ ಬಂತು. ಉಪನ್ಯಾಸಕರು 2025ರ ಫೆಬ್ರುವರಿಯಲ್ಲಿ, ವರ್ಷ ತುಂಬುವ ಮುಂಚೆಯೇ, ಇಂದಿರಾನಗರದ ಆರ್‌ಟಿಒಗೆ ಹೋಗುತ್ತಾರೆ. ಇಲ್ಲಿ ಹೊಸ ನಂಬರಿಗೆ ಹಾಕುವ ಅರ್ಜಿ ಫಾರ್ಮ್ 27, ವಿಳಾಸ ಬದಲಾವಣೆಗೆ ಫಾರ್ಮ್ 33. ಬಾಡಿಗೆ ಕರಾರು, ಕಾರಿನ ಮೂಲ ಇನ್‌ವಾಯ್ಸ್, ಮೂಲ ಆರ್‌ಸಿ, ಎನ್‌ಒಸಿ, ವಿಮೆ, ಹೊಗೆ ಪ್ರಮಾಣಪತ್ರಗಳ ಜೊತೆ ಕಾರನ್ನೂ ಒಯ್ಯಬೇಕು. ಮೋಟಾರು ವಾಹನ ನಿರೀಕ್ಷಕರು ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ಹೋಲಿಸಿ ನೋಡುತ್ತಾರೆ. ಬಣ್ಣ ಬದಲಿಸಿದ್ದರೆ, ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲಿ ನಮೂದು ಮಾಡಿಸದಿದ್ದರೆ, ತುಕ್ಕು ಹಿಡಿದು ಚಾಸಿ ಸಂಖ್ಯೆ ಓದಲಾಗದಂತಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇಂಥವನ್ನು ಹಳೆಯ ಕಚೇರಿಯಲ್ಲಿ, ಎನ್‌ಒಸಿಗೆ ಮೊದಲೇ ಸರಿಪಡಿಸಿಕೊಳ್ಳಬೇಕು.

ಈಗ ತೆರಿಗೆ. ನೋಂದಣಿಯ ಶುಲ್ಕ ನೂರರ ಲೆಕ್ಕದ್ದು, ಜೇಬಿಗೆ ಹೊರೆಯಾಗುವುದು ಜೀವಾವಧಿ ತೆರಿಗೆ. ಕರ್ನಾಟಕದ ದರಪಟ್ಟಿಯಲ್ಲಿ 5 ಲಕ್ಷದವರೆಗಿನ ಕಾರಿಗೆ ಶೇ 13, 5ರಿಂದ 10 ಲಕ್ಷದ ಕಾರಿಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಇದರ ಮೇಲೆ ಶೇ 11ರಷ್ಟು ಸೆಸ್. ದೇಶದಲ್ಲೇ ಹೆಚ್ಚಿನ ದರಗಳ ಸಾಲಿಗೆ ಇವು ಸೇರುತ್ತವೆ. ಲೆಕ್ಕ ಶುರುವಾಗುವುದು ಕಾರಿನ ಇಂದಿನ ಮಾರುಕಟ್ಟೆ ಬೆಲೆಯಿಂದಲ್ಲ, ಅಂದು ಕೊಂಡ ಇನ್‌ವಾಯ್ಸ್ ಬೆಲೆಯಿಂದ. ಇದು ತಿಳಿಯದೆ, ಹಳೆಯ ಕಾರು ತಾನೇ, ತೆರಿಗೆ ಎಷ್ಟಿದ್ದೀತು ಎಂದುಕೊಂಡವರಿಗೆ ಕೌಂಟರಿನಲ್ಲಿ ಆಘಾತ ಕಾದಿರುತ್ತದೆ. ಸಮಾಧಾನದ ಸಂಗತಿ ಎಂದರೆ ಕಾರಿಗೆ ವಯಸ್ಸಾದಷ್ಟೂ ತೆರಿಗೆಯ ಪಾಲು ಇಳಿಯುತ್ತದೆ. ಎರಡು ವರ್ಷದೊಳಗಿನ ಕಾರಿಗೆ ಹೊಸ ಕಾರಿನ ತೆರಿಗೆಯ ಶೇ 93, ನಾಲ್ಕು ದಾಟಿ ಐದರೊಳಗಿದ್ದರೆ ಶೇ 75, ಒಂಬತ್ತು ದಾಟಿ ಹತ್ತರೊಳಗಿದ್ದರೆ ಶೇ 49.

ಉಪನ್ಯಾಸಕರ ಕಾರಿನ ಲೆಕ್ಕ ಹೀಗಾಗುತ್ತದೆ. 8 ಲಕ್ಷಕ್ಕೆ ಶೇ 14ರಂತೆ 1,12,000 ರೂಪಾಯಿ. ಕಾರಿಗೆ ನಾಲ್ಕು ವರ್ಷ ದಾಟಿರುವುದರಿಂದ ಅದರ ಶೇ 75, ಅಂದರೆ 84,000. ಸೆಸ್ 9,240. ಒಟ್ಟು 93,240 ರೂಪಾಯಿ. ಕೊಲ್ಹಾಪುರದಲ್ಲಿ ಹೊಸ ಕಾರಿಗೆ ಕಟ್ಟಿದ 88 ಸಾವಿರಕ್ಕಿಂತ ಬೆಂಗಳೂರಿನಲ್ಲಿ ಹಳೆಯ ಕಾರಿಗೆ ಕಟ್ಟುವುದೇ ಹೆಚ್ಚು! ಒಂದೇ ಕಾರಿಗೆ ಎರಡು ಜೀವಾವಧಿ ತೆರಿಗೆ.

ಈ ಎರಡನೇ ಹೊರೆಯನ್ನು ಇಳಿಸಲು ಇರುವ ದಾರಿ ಮರುಪಾವತಿ. ಹದಿನೈದು ವರ್ಷಕ್ಕೆಂದು ಒಟ್ಟಿಗೆ ಕಟ್ಟಿದ ತೆರಿಗೆಯಲ್ಲಿ ಬಳಸದೆ ಉಳಿದ ವರ್ಷಗಳ ಪಾಲನ್ನು ಹಳೆಯ ರಾಜ್ಯ ತನ್ನ ಕಾನೂನಿನ ಪ್ರಮಾಣದಂತೆ ಹಿಂತಿರುಗಿಸುತ್ತದೆ. ಆದರೆ ಅದು ತಾನಾಗಿ ಬರುವ ದುಡ್ಡಲ್ಲ, ಮೊದಲೇ ಬರುವುದೂ ಅಲ್ಲ. ಹೊಸ ರಾಜ್ಯದಲ್ಲಿ ಪೂರ್ತಿ ತೆರಿಗೆ ಕಟ್ಟಿ, ಹೊಸ ನಂಬರಿನ ಆರ್‌ಸಿ ಕೈಗೆ ಬಂದ ಮೇಲೆ, ಅದರ ಪ್ರತಿ, ಎನ್‌ಒಸಿಯ ಪ್ರತಿ, ಅಂದು ತೆರಿಗೆ ಕಟ್ಟಿದ ರಸೀದಿ ಮತ್ತು ಬ್ಯಾಂಕ್ ಖಾತೆಯ ವಿವರ ಇಟ್ಟು ಹಳೆಯ ಆರ್‌ಟಿಒಗೆ ಅರ್ಜಿ ಹಾಕಬೇಕು. ಐದು ವರ್ಷದ ಹಿಂದಿನ ತೆರಿಗೆ ರಸೀದಿಯನ್ನು ಎಷ್ಟು ಜನ ಇಟ್ಟುಕೊಂಡಿರುತ್ತಾರೆ? ಷೋರೂಮಿನವರೇ ಎಲ್ಲ ಮಾಡಿಸಿಕೊಟ್ಟಿರುತ್ತಾರೆ, ರಸೀದಿ ಅವರ ಕಡತದಲ್ಲೇ ಉಳಿದಿರುತ್ತದೆ. ಬೇರೆ ಊರಿನ ಕಚೇರಿ, ದೂರದ ಪ್ರಯಾಣ, ತಿಂಗಳುಗಟ್ಟಲೆ ಕಾಯುವಿಕೆ. ಇದನ್ನೆಲ್ಲ ನೋಡಿ ಎಷ್ಟೋ ಜನ ಮರುಪಾವತಿಯ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಹೊಸ ರಾಜ್ಯಕ್ಕೆ ಕಟ್ಟುವಾಗ ಹಳೆಯ ರಾಜ್ಯದ ಬಾಕಿ ಪಾಲನ್ನು ಅಲ್ಲೇ ವಜಾ ಮಾಡುವ ಏರ್ಪಾಡು ಇದ್ದಿದ್ದರೆ ನಾಗರಿಕರು ಎರಡು ಸರ್ಕಾರಗಳ ನಡುವೆ ಅಲೆಯಬೇಕಾಗಿರಲಿಲ್ಲ. ಎರಡೂ ಕಚೇರಿಗಳ ದಾಖಲೆ ಒಂದೇ ತಂತ್ರಾಂಶದಲ್ಲಿರುವ ಈ ಕಾಲದಲ್ಲಿ ಅದು ಅಸಾಧ್ಯದ ಮಾತೇನಲ್ಲ.

ತೆರಿಗೆ ಪಾವತಿಯಾಗಿ ಕೆಎ 03ರ ಹೊಸ ನಂಬರು ಬಂದ ಮೇಲೂ ಕೆಲವು ಕೆಲಸ ಉಳಿಯುತ್ತದೆ. ಹಳೆಯ ಫಲಕದ ಮೇಲೆ ಹೊಸ ನಂಬರು ಬರೆಸುವಂತಿಲ್ಲ; ಕಾರು ತಯಾರಕರ ಅಧಿಕೃತ ವ್ಯವಸ್ಥೆಯ ಮೂಲಕ ಹೊಸ ಅತಿ ಸುರಕ್ಷಿತ ಫಲಕ ಮಾಡಿಸಬೇಕು. ವಿಮಾ ಕಂಪನಿಗೆ ಹೊಸ ನಂಬರು ಮತ್ತು ವಿಳಾಸ ತಿಳಿಸಿ ಪಾಲಿಸಿಯಲ್ಲಿ ನಮೂದು ಮಾಡಿಸಬೇಕು. ವಿಮೆಯವರ ಲೆಕ್ಕದಲ್ಲಿ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ ಮುಂತಾದ ಎಂಟು ಮಹಾನಗರಗಳು 'ಎ' ವಲಯ, ಕೊಲ್ಹಾಪುರದಂಥ ಊರುಗಳು 'ಬಿ' ವಲಯ. ಹಾಗಾಗಿ ಸ್ವಂತ ವಾಹನದ ಹಾನಿಗೆ ಕಟ್ಟುವ ಪ್ರೀಮಿಯಂ ಸ್ವಲ್ಪ ಹೆಚ್ಚಬಹುದು. ಈ ನಮೂದನ್ನು ಮುಂದೂಡಿದರೆ, ಅಪಘಾತವಾದಾಗ ಆರ್‌ಸಿಯಲ್ಲೊಂದು ನಂಬರು ಪಾಲಿಸಿಯಲ್ಲೊಂದು ನಂಬರು ಇದ್ದು ಪರಿಹಾರದ ಹಣ ತಡವಾಗುತ್ತದೆ. ಫಾಸ್ಟ್ಯಾಗ್‌ನಲ್ಲೂ ನಂಬರು ಬದಲಿಸಿಕೊಳ್ಳಬೇಕು.

ಇದಿಷ್ಟು ಸ್ವಂತ ಗಾಡಿಯನ್ನು ತಂದವರ ಮಾತು. ಹೊರರಾಜ್ಯದ ಹಳೆಯ ಗಾಡಿಯನ್ನು ಕೊಳ್ಳುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಒಂಬತ್ತು-ಹತ್ತು ವರ್ಷದ ದೊಡ್ಡ ಡೀಸೆಲ್ ಕಾರುಗಳು ಕಡಿಮೆ ಬೆಲೆಗೆ ಬೇರೆ ರಾಜ್ಯಗಳಿಗೆ ಹರಿದುಬಂದವು. ಜಾಹೀರಾತಿನಲ್ಲಿ ಬೆಲೆ ನೋಡಿ ಮರುಳಾಗುವ ಮುಂಚೆ ಲೆಕ್ಕ ಹಾಕಬೇಕು. ಅಂದು 30 ಲಕ್ಷಕ್ಕೆ ಮಾರಾಟವಾದ ಒಂಬತ್ತೂವರೆ ವರ್ಷದ ಕಾರಿಗೆ ಕರ್ನಾಟಕದಲ್ಲಿ ಶೇ 18ರಂತೆ 5,40,000, ಅದರ ಶೇ 49 ಎಂದರೆ 2,64,600 ರೂಪಾಯಿ, ಮೇಲೆ ಸೆಸ್. ನೋಂದಣಿಯ ಅವಧಿಯೂ ಹೊಸದಾಗಿ ಹದಿನೈದು ವರ್ಷ ಸಿಗುವುದಿಲ್ಲ, ಮೊದಲ ನೋಂದಣಿಯಿಂದ ಎಣಿಸಿ ಉಳಿದ ಐದೂವರೆ ವರ್ಷ ಮಾತ್ರ.

ಹೀಗೆ ಕೊಳ್ಳುವಾಗ ಎನ್‌ಒಸಿಗೆ ಅರ್ಜಿ ಹಾಕಬೇಕಾದವರು ಮಾರುವವರು. ಅವರ ಸಹಿಯಿರುವ ಫಾರ್ಮ್ 28 ಜೊತೆಗೆ ಮಾಲೀಕತ್ವ ಬದಲಾವಣೆಯ ಫಾರ್ಮ್ 29 ಮತ್ತು 30 ಬೇಕು. ಹೊರರಾಜ್ಯದ ಮಾರಾಟವನ್ನು ಮಾರಿದವರು 45 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂಬ ನಿಯಮವಿದೆ. ಎಲ್ಲ ಫಾರ್ಮಿಗೂ ಸಹಿ ಹಾಕಿದೆ, ಎನ್‌ಒಸಿ ಮುಂದಿನ ವಾರ ಬರುತ್ತದೆ ಎನ್ನುವ ದಲ್ಲಾಳಿಯ ಮಾತಿನ ಮೇಲೆ ಪೂರ್ತಿ ಹಣ ಕೊಡಬಾರದು. ಬಾಕಿ ಚಲನ್, ತೀರದ ಸಾಲ, ಕಳವಿನ ದೂರು ಯಾವುದಿದ್ದರೂ ಹೊರಬೀಳುವುದು ಎನ್‌ಒಸಿಯ ಹಂತದಲ್ಲೇ. ಎನ್‌ಒಸಿ ಬಂದಿದೆಯೆಂದು ಸರ್ಕಾರಿ ತಾಣದಲ್ಲಿ ತಾವೇ ನೋಡಿಕೊಂಡ ಮೇಲೆ ಕೊನೆಯ ಕಂತು ಕೊಟ್ಟರೆ ನಷ್ಟವಿಲ್ಲ.

ಮೂರ್ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವವರಿಗೆ 2021ರ ಸೆಪ್ಟೆಂಬರ್‌ನಿಂದ ಬೇರೊಂದು ದಾರಿ ತೆರೆದಿದೆ, ಅದು ಭಾರತ್ ಸರಣಿಯ ಬಿಎಚ್ ನಂಬರು. ಸೈನಿಕರು, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಗಳ ಸಿಬ್ಬಂದಿ, ನಾಲ್ಕು ಅಥವಾ ಹೆಚ್ಚು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳ ನೌಕರರು ಇದನ್ನು ಪಡೆಯಬಹುದು. ರಾಜ್ಯ ಬದಲಾದರೂ ನಂಬರು ಬದಲಿಸಬೇಕಿಲ್ಲ. ತೆರಿಗೆಯನ್ನು ಹದಿನೈದು ವರ್ಷಕ್ಕೆ ಒಟ್ಟಿಗೆ ಕಟ್ಟುವ ಬದಲು ಎರಡೆರಡು ವರ್ಷಕ್ಕೆ ಕಟ್ಟಬಹುದು. 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 8, 20 ಲಕ್ಷದವರೆಗೆ ಶೇ 10, ಅದಕ್ಕೂ ಮೇಲೆ ಶೇ 12ರ ಆಧಾರದಲ್ಲಿ ಆ ಕಂತು ನಿಗದಿಯಾಗುತ್ತದೆ. ಮೊದಲು ಹೊಸ ವಾಹನಗಳಿಗಷ್ಟೇ ಇದ್ದ ಈ ಸೌಲಭ್ಯವನ್ನು 2022ರ ಡಿಸೆಂಬರ್‌ನ ತಿದ್ದುಪಡಿ ಈಗಾಗಲೇ ನೋಂದಣಿಯಾದ ವಾಹನಗಳಿಗೂ ವಿಸ್ತರಿಸಿತು. ನಮ್ಮ ಉಪನ್ಯಾಸಕರಿಗೆ ಮಾತ್ರ ಇದು ಸಿಗದು. ಅವರ ಕಾಲೇಜು ಇರುವುದು ಒಂದೇ ರಾಜ್ಯದಲ್ಲಿ.

ಕರ್ನಾಟಕದಿಂದ ಹೊರಹೋಗುವವರಿಗೂ ಕ್ರಮ ಇದೇ, ದಿಕ್ಕು ಮಾತ್ರ ಬೇರೆ. ಇಲ್ಲಿ ಕಟ್ಟಿದ ತೆರಿಗೆ ದೊಡ್ಡದಾದ್ದರಿಂದ, ಪುಣೆಗೋ ಹೈದರಾಬಾದಿಗೋ ಹೋಗಿ ನೆಲೆಸುವ ಕನ್ನಡಿಗರಿಗೆ ಮರುಪಾವತಿಯ ಬಾಬತ್ತೂ ದೊಡ್ಡದು. ಮೂಲ ರಸೀದಿ ಸಿಗದವರು ವಾಹನ್ ತಾಣದಲ್ಲಿ ತೆರಿಗೆ ಪಾವತಿಯ ವಿವರ ಕಾಣುತ್ತದೆಯೇ ಎಂದು ಊರು ಬಿಡುವ ಮೊದಲೇ ನೋಡಿ ಮುದ್ರಿಸಿಟ್ಟುಕೊಳ್ಳಬೇಕು. ಕಂಪ್ಯೂಟರೀಕರಣಕ್ಕೆ ಮುಂಚಿನ ಆರ್‌ಸಿ ಪುಸ್ತಕದ ಕಾಲದ ವಾಹನವಾದರೆ ಅದರ ದಾಖಲೆ ತಾಣದಲ್ಲಿ ಇಲ್ಲದೆಯೂ ಇರಬಹುದು. ಆಗ ಸ್ಥಳೀಯ ಕಚೇರಿಯಲ್ಲಿ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮೊದಲು ಆಗಬೇಕು. ದೂರದಿಂದ ಅದನ್ನು ಮಾಡಿಸುವುದು ಬಹಳ ಕಷ್ಟ.

ಎನ್‌ಒಸಿ ಪಡೆದ ಮೇಲೆ ವರ್ಗಾವಣೆ ರದ್ದಾಗಿ ಅಲ್ಲೇ ಉಳಿದುಬಿಡುವವರೂ ಇದ್ದಾರೆ. ಆ ಕಾಗದವನ್ನು ಹರಿದು ಎಸೆದರೆ ವಿಷಯ ಮುಗಿಯುವುದಿಲ್ಲ. ದಾಖಲೆಯಲ್ಲಿ ಆ ವಾಹನ ಎನ್‌ಒಸಿ ನೀಡಲಾದ ವಾಹನವಾಗಿಯೇ ಉಳಿಯುತ್ತದೆ, ಮುಂದೆ ಮಾರಲು, ವಿಳಾಸ ಬದಲಿಸಲು, ನೋಂದಣಿ ನವೀಕರಿಸಲು ಹೋದಾಗ ಅಡ್ಡಿಯಾಗುತ್ತದೆ. ಎನ್‌ಒಸಿ ಯಾವ ಆರ್‌ಟಿಒ ಹೆಸರಿಗೆ ಹೋಗಿತ್ತೋ ಅಲ್ಲಿಂದ, ಈ ವಾಹನ ನಮ್ಮಲ್ಲಿ ನೋಂದಣಿಯಾಗಿಲ್ಲ ಎಂಬ ಪತ್ರ ತಂದು, ಮೂಲ ಎನ್‌ಒಸಿಯೊಂದಿಗೆ ತಮ್ಮ ಆರ್‌ಟಿಒಗೆ ಒಪ್ಪಿಸಿ ಅದನ್ನು ರದ್ದು ಮಾಡಿಸಬೇಕು.